ಖಾಲಿ ಕೋಶಗಳ ಲೆಕ್ಕ ಕೊಡಿ

ಸಂಶೋಧನೆ ಮಾಡುತ್ತಿರುವ ಗೆಳೆಯರೇ, ಥೀಸಿಸ್ ತಿದ್ದುವ ಗೈಡ್‌ಗಳೇ, ಲೇಖನಗಳಿಗೆ ಒಪ್ಪಿಗೆ ಕೊಡುವ ಸಂಪಾದಕರೇ,

ಕೈಗೆ ಸಿಕ್ಕ ಯಾವುದಾದರೂ ವೈದ್ಯಕೀಯ ಪ್ರಬಂಧದ ವಿಧಾನ ವಿಭಾಗವನ್ನು ತೆರೆದು ಓದಿ. ಎಷ್ಟು ಜನರನ್ನು ಸೇರಿಸಿಕೊಂಡರು, ರಕ್ತ ಯಾವಾಗ ತೆಗೆದರು, ಯಾವ ಯಂತ್ರದಲ್ಲಿ ಪರೀಕ್ಷೆ ಮಾಡಿದರು, ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಬಳಸಿದರು ಎಂಬುದೆಲ್ಲ ಅಲ್ಲಿರುತ್ತದೆ. ಪಿ ಮೌಲ್ಯ 0.05ಕ್ಕಿಂತ ಕಡಿಮೆಯಿದ್ದರೆ ಏನೆಂದು ಭಾವಿಸಿದೆವು ಎಂಬುದೂ ಇರುತ್ತದೆ. ಆದರೆ ಅಳೆಯಬೇಕಿದ್ದು ಅಳೆಯಲಾಗದೇ ಹೋದದ್ದು ಎಷ್ಟು, ಆ ಖಾಲಿ ಜಾಗಗಳನ್ನು ಏನು ಮಾಡಿದಿರಿ ಎಂಬ ಮಾತು ಬಹಳ ಸಲ ಎಲ್ಲೂ ಇರುವುದಿಲ್ಲ. ಸಾರಾಂಶದಲ್ಲಿ 400 ಜನ ಎಂದಿರುತ್ತದೆ. ನಾಲ್ಕನೆಯ ಕೋಷ್ಟಕಕ್ಕೆ ಬರುವಷ್ಟರಲ್ಲಿ ಆ ಸಂಖ್ಯೆ 280 ಆಗಿರುತ್ತದೆ. ನಡುವೆ ಉಳಿದ 120 ಜನ ಎಲ್ಲಿಗೆ ಹೋದರು ಎಂದು ಯಾರೂ ಹೇಳಿರುವುದಿಲ್ಲ.

ಇದು ಬಹುಪಾಲು ಮೋಸದ ಉದ್ದೇಶದಿಂದ ಆಗುವುದಲ್ಲ, ತಾನೇ ತಾನಾಗಿ ಆಗುತ್ತದೆ. ಆರ್, ಸ್ಟೇಟಾ, ಎಸ್‌ಪಿಎಸ್‌ಎಸ್ ಈ ಮೂರರಲ್ಲಿ ಯಾವುದರಲ್ಲೇ ರಿಗ್ರೆಶನ್ ಓಡಿಸಿದರೂ, ನಾವು ಬೇರೆ ಏನನ್ನೂ ಹೇಳದಿದ್ದರೆ, ಒಂದೇ ಒಂದು ಚರ ಖಾಲಿಯಿರುವ ಇಡೀ ಸಾಲನ್ನೇ ಸಾಫ್ಟ್‌ವೇರ್ ಬದಿಗಿಡುತ್ತದೆ. ಆರ್‌ನಲ್ಲಿ ಫಲಿತಾಂಶದ ಕೊನೆಯಲ್ಲಿ ಹೀಗೊಂದು ಸಾಲು ಬರುತ್ತದೆ:

```
(120 observations deleted due to missingness)
```

120 ಜನರನ್ನು ಮಾಹಿತಿ ಇಲ್ಲದ ಕಾರಣಕ್ಕೆ ಕೈಬಿಟ್ಟಿದೆ ಎಂದು ಯಂತ್ರ ಒಪ್ಪಿಸಿಯಾಗಿದೆ. ಆ ಸಾಲನ್ನು ಓದಿದವರು ನಾವು. ಅದನ್ನು ಪ್ರಬಂಧಕ್ಕೆ ಎತ್ತಿ ಬರೆಯದೆ ಬಿಟ್ಟವರೂ ನಾವೇ. ಒಂದು ಚರದಲ್ಲಿ 5 ಶೇಕಡಾ ಮಾತ್ರ ಖಾಲಿ, ಅದೇನು ಮಹಾ ಎನ್ನುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಲಿ. ಹತ್ತು ಚರಗಳಿವೆ, ಪ್ರತಿಯೊಂದರಲ್ಲೂ 5 ಶೇಕಡಾ ಖಾಲಿಯಿದೆ, ಒಂದರ ಖಾಲಿಗೂ ಇನ್ನೊಂದರ ಖಾಲಿಗೂ ನಂಟಿಲ್ಲ ಎಂದುಕೊಳ್ಳಿ. ಹತ್ತೂ ಚರಗಳು ಭರ್ತಿಯಿರುವ ಸಾಲುಗಳು 0.95ರ ಹತ್ತನೆಯ ಘಾತದಷ್ಟು, ಅಂದರೆ ಸುಮಾರು 60 ಶೇಕಡಾ ಮಾತ್ರ ಉಳಿಯುತ್ತವೆ. ನೂರಕ್ಕೆ ನಲವತ್ತು ಜನ ಸದ್ದಿಲ್ಲದೆ ಹೊರಬಿದ್ದಿರುತ್ತಾರೆ.

ಹೊರಬಿದ್ದವರು ಯಾರು ಎಂದು ಯೋಚಿಸಿ. ನಮ್ಮ ಆಸ್ಪತ್ರೆಗಳಲ್ಲಿ ಆರು ತಿಂಗಳ ಫಾಲೋ-ಅಪ್‌ಗೆ ಬರದೇ ಹೋಗುವವರು ಚೀಟಿ ಎತ್ತಿ ಆರಿಸಿದವರಲ್ಲ. ಒಂದು ದಿನ ಆಸ್ಪತ್ರೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ ಎನ್ನುವವರು, ಬೆಳಗಿನ ಒಂದೇ ಬಸ್ಸನ್ನು ನೆಚ್ಚಿಕೊಂಡ ಊರಿನವರು, ಜೊತೆಗೆ ಬರಲು ಯಾರೂ ಇಲ್ಲದ ವಯಸ್ಸಾದವರು, ಕೆಲಸ ಹುಡುಕಿ ಊರು ಬಿಟ್ಟವರು, ಕಾಯಿಲೆ ಜೋರಾಗಿ ಬೇರೆ ಆಸ್ಪತ್ರೆ ಸೇರಿದವರು ಅವರಲ್ಲಿದ್ದಾರೆ. ಚೆನ್ನಾಗಿದ್ದೇನೆ, ಇನ್ನೇಕೆ ಬರಬೇಕು ಎಂದುಕೊಂಡವರೂ ಇದ್ದಾರೆ. ಇವರೆಲ್ಲ ಮೊದಲ ದಿನ ನಿಮ್ಮ ಮುಂದೆ ಕೂತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು, ಹೆಬ್ಬೆಟ್ಟು ಒತ್ತಿದವರು, ರಕ್ತ ಕೊಟ್ಟವರು. ಅವರ ಸಾಲನ್ನು ಅಳಿಸಿದ ಮೇಲೆ ಉಳಿಯುವುದು ಬರಲು ಶಕ್ತರಾದವರ ಅಧ್ಯಯನ. ಅದನ್ನು ಎಲ್ಲರ ಅಧ್ಯಯನವೆಂದು ಕರೆಯುವ ಹಕ್ಕು ನಮಗಿಲ್ಲ.

ಒಂದು ಕಲ್ಪಿತ ಅಧ್ಯಯನವನ್ನು ಹಿಡಿದು ಈ ಮಾತನ್ನು ಲೆಕ್ಕದಲ್ಲೇ ನೋಡೋಣ. ಸಕ್ಕರೆ ಕಾಯಿಲೆಯ 400 ಜನ. 200 ಜನರಿಗೆ ವಾರಕ್ಕೊಮ್ಮೆ ನರ್ಸ್ ಫೋನ್ ಮಾಡಿ ಊಟ, ಮಾತ್ರೆ, ನಡಿಗೆಯ ಬಗ್ಗೆ ತಿಳಿಹೇಳುತ್ತಾರೆ. ಉಳಿದ 200 ಜನರಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳಾದ ಮೇಲೆ ಎಚ್‌ಬಿಎ1ಸಿ, ಅಂದರೆ ಜನ ಮೂರು ತಿಂಗಳ ಶುಗರ್ ಟೆಸ್ಟ್ ಎನ್ನುವ ಪರೀಕ್ಷೆ. ಅದರ ಫಲಿತಾಂಶ ಸಿಕ್ಕಿದ್ದು 280 ಜನರದು. ಅವರಲ್ಲಿ ಫೋನ್ ಗುಂಪಿನ ಸರಾಸರಿ 7.8, ಮಾಮೂಲಿ ಗುಂಪಿನ ಸರಾಸರಿ 8.2. ವ್ಯತ್ಯಾಸ 0.4. ಫೋನ್ ಮಾಡಿದ್ದರಿಂದ ಉಪಯೋಗವಾಯಿತು ಎಂದು ತೀರ್ಮಾನ ಬರೆಯುತ್ತೇವೆ.

ಒಟ್ಟು 30 ಶೇಕಡಾ ಜನರ ಫಲಿತಾಂಶ ಇಲ್ಲ ಎಂದು ಬರೆದರೆ ಏನೂ ಬರೆಯದಿರುವುದಕ್ಕಿಂತ ಮೇಲು. ಆದರೆ ಅಷ್ಟು ಸಾಲದು. ಗುಂಪುವಾರು ಬಿಡಿಸಿದಾಗ ಫೋನ್ ಗುಂಪಿನಲ್ಲಿ ಫಲಿತಾಂಶ ಇಲ್ಲದವರು 40, ಅಂದರೆ 20 ಶೇಕಡಾ, ಮಾಮೂಲಿ ಗುಂಪಿನಲ್ಲಿ 80, ಅಂದರೆ 40 ಶೇಕಡಾ ಎಂದು ತಿಳಿಯಿತು ಎಂದಿಟ್ಟುಕೊಳ್ಳಿ. ವಾರ ವಾರ ಫೋನ್ ಹೋಗುತ್ತಿದ್ದವರು ಹೆಚ್ಚಾಗಿ ಮರಳಿ ಬಂದಿದ್ದಾರೆ, ಅದು ಸಹಜವೇ. ಆದರೆ ಈಗ ನಾವು ಹೋಲಿಸುತ್ತಿರುವುದು ಒಂದೇ ರೀತಿಯ ಎರಡು ಗುಂಪುಗಳನ್ನಲ್ಲ. ಒಂದು ಕಡೆ ಐದರಲ್ಲಿ ನಾಲ್ಕು ಜನ ಉಳಿದಿದ್ದಾರೆ, ಇನ್ನೊಂದು ಕಡೆ ಐದರಲ್ಲಿ ಮೂರೇ ಜನ.

ಬರದವರ ಸಕ್ಕರೆ ಎಷ್ಟಿತ್ತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬೇರೆ ಬೇರೆ ರೀತಿ ಊಹಿಸಿ ತೀರ್ಮಾನ ಎಷ್ಟು ಅಲುಗಾಡುತ್ತದೆಂದು ನೋಡಬಹುದು. ಎರಡೂ ಗುಂಪುಗಳಲ್ಲಿ ಬರದವರ ಮೌಲ್ಯ ಬಂದವರಿಗಿಂತ 1.0 ಹೆಚ್ಚಿತ್ತು ಎನ್ನೋಣ. ಫೋನ್ ಗುಂಪಿನ ಒಟ್ಟು ಸರಾಸರಿ 7.8ಕ್ಕೆ 1.0ರ 20 ಶೇಕಡಾ ಸೇರಿ 8.0 ಆಗುತ್ತದೆ. ಮಾಮೂಲಿ ಗುಂಪಿನದು 8.2ಕ್ಕೆ 1.0ರ 40 ಶೇಕಡಾ ಸೇರಿ 8.6. ವ್ಯತ್ಯಾಸ 0.6ಕ್ಕೆ ಏರಿತು. ಈಗ ಬೇರೆ ಊಹೆ ಮಾಡೋಣ. ಮಾಮೂಲಿ ಗುಂಪಿನಲ್ಲಿ ಬರದವರು ಬಂದವರಂತೆಯೇ ಇದ್ದರು, ಫೋನ್ ಗುಂಪಿನಲ್ಲಿ ಮಾತ್ರ ಹೇಳಿದ್ದನ್ನು ಪಾಲಿಸಲಾಗದವರು ಮುಜುಗರದಿಂದ ಬರಲಿಲ್ಲ, ಅವರದು 1.0 ಹೆಚ್ಚಿತ್ತು. ಆಗ 8.0 ಮತ್ತು 8.2, ವ್ಯತ್ಯಾಸ 0.2ಕ್ಕೆ ಇಳಿಯಿತು. ಅವರದು 2.0 ಹೆಚ್ಚಿತ್ತು ಎಂದರೆ ಎರಡೂ ಗುಂಪು 8.2ಕ್ಕೆ ಬಂದು ನಿಲ್ಲುತ್ತವೆ, ಫೋನಿನ ಉಪಯೋಗವೇ ಮಾಯ. ಎಷ್ಟು ಊಹಿಸಿದರೆ ತೀರ್ಮಾನ ಮಗುಚುತ್ತದೆ ಎಂದು ಹುಡುಕುವ ಈ ಕ್ರಮವನ್ನು ಸಂಖ್ಯಾಶಾಸ್ತ್ರದವರು ಟಿಪ್ಪಿಂಗ್ ಪಾಯಿಂಟ್ ವಿಶ್ಲೇಷಣೆ ಎನ್ನುತ್ತಾರೆ. ಅದನ್ನು ಕಂಡ ಮೇಲೆ ಸಕ್ಕರೆ ಕಾಯಿಲೆಯ ಅನುಭವವಿರುವ ವೈದ್ಯರು ತಾವೇ ತೀರ್ಮಾನಿಸಬಹುದು: 2.0ರಷ್ಟು ವ್ಯತ್ಯಾಸ ನಂಬುವಂಥದ್ದೇ, ಅಲ್ಲವೇ?

ಈ ಲೆಕ್ಕಕ್ಕೆ ಬೇಕಾದದ್ದು ನಾಲ್ಕೇ ಸಂಖ್ಯೆಗಳು: ಎರಡು ಸರಾಸರಿ, ಎರಡು ಶೇಕಡಾವಾರು. ಸರಾಸರಿಗಳು ಕೋಷ್ಟಕದಲ್ಲಿ ಹೇಗೂ ಇರುತ್ತವೆ. 20 ಮತ್ತು 40 ಎಂಬ ಇನ್ನೆರಡು ಸಂಖ್ಯೆಗಳನ್ನು ನೀವು ಬರೆಯದಿದ್ದರೆ, ಲೇಖನ ಓದಿ ತನ್ನ ರೋಗಿಗೆ ಸಲಹೆ ಕೊಡುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಈ ಪ್ರಶ್ನೆ ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ನಿಮ್ಮ ಊಹೆಯನ್ನು ಅವರು ಸತ್ಯವೆಂದು ಕೊಂಡೊಯ್ಯುತ್ತಾರೆ. ನಾನು ಇದನ್ನು ಆತ್ಮಸಾಕ್ಷಿಯ ಪ್ರಶ್ನೆ ಎನ್ನುವುದು ಈ ಕಾರಣಕ್ಕೆ. ದತ್ತಾಂಶದ ಹಾಳೆಯನ್ನು ನೋಡಿದವರು ನೀವೊಬ್ಬರೇ. ನೀವು ಹೇಳದ್ದನ್ನು ಬೇರೆ ಯಾರೂ ಕಂಡುಹಿಡಿಯಲಾರರು.

ಸಾಲು ಅಳಿಸುವುದಕ್ಕಿಂತ ಖಾಲಿ ಜಾಗ ತುಂಬುವುದು ವಾಸಿ ಎಂದು ಹಲವರು ಸರಾಸರಿಯನ್ನು ಹಾಕಿಬಿಡುತ್ತಾರೆ. ಇದರ ಹಾನಿಯನ್ನೂ ಅದೇ ಅಧ್ಯಯನದಲ್ಲಿ ನೋಡಿ. ಗುಂಪುಗಳನ್ನು ಸದ್ಯ ಮರೆತು, ಫಲಿತಾಂಶ ಸಿಕ್ಕ 280 ಜನರನ್ನು ಒಟ್ಟಿಗೆ ತೆಗೆದುಕೊಂಡರೆ ಪ್ರಮಾಣಿತ ವಿಚಲನೆ, ಅಂದರೆ ಮೌಲ್ಯಗಳ ಹರವು, 1.5 ಇತ್ತು ಎನ್ನೋಣ. ಉಳಿದ 120 ಕೋಶಗಳಿಗೂ ಒಂದೇ ಸರಾಸರಿಯನ್ನು ತುಂಬಿದರೆ ಆ 120 ಜನರಲ್ಲಿ ಹರವೇ ಇಲ್ಲ. ಇಡೀ ಹಾಳೆಯ ವಿಚಲನೆ ಸುಮಾರು 1.25ಕ್ಕೆ ಕುಗ್ಗುತ್ತದೆ. ಜೊತೆಗೆ ಸಾಫ್ಟ್‌ವೇರ್ 400 ಜನರನ್ನೂ ಅಳೆದಿದ್ದೇವೆಂದು ನಂಬುತ್ತದೆ. 280 ಜನರಿಂದ ಪ್ರಾಮಾಣಿಕವಾಗಿ ಲೆಕ್ಕ ಹಾಕಿದ್ದರೆ ಸರಾಸರಿಯ ಪ್ರಮಾಣಿತ ದೋಷ 0.09 ಬರುತ್ತಿತ್ತು. ಈಗ 0.06 ಎನ್ನುತ್ತದೆ. ಅನಿಶ್ಚಿತತೆಯ 30 ಶೇಕಡಾ ಭಾಗವನ್ನು ನಾವು ಯಾರನ್ನೂ ಅಳೆಯದೆಯೇ ಅಳಿಸಿಹಾಕಿದಂತಾಯಿತು. ಪಿ ಮೌಲ್ಯ ಚಿಕ್ಕದಾಗುತ್ತದೆ, ವಿಶ್ವಾಸಾಂತರ ಕಿರಿದಾಗುತ್ತದೆ, ಫಲಿತಾಂಶ ಗಟ್ಟಿಯಾಗಿ ಕಾಣುತ್ತದೆ. ಕೊನೆಯ ಭೇಟಿಯ ಮೌಲ್ಯವನ್ನೇ ಮುಂದಕ್ಕೆಳೆದು ತುಂಬುವ ರೂಢಿಗೂ ಇದೇ ಬಗೆಯ ಕಾಯಿಲೆಯಿದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2010ರ ತನ್ನ ವರದಿಯಲ್ಲಿ, ಅದರ ಹಿಂದಿನ ಊಹೆಗೆ ವೈಜ್ಞಾನಿಕ ಸಮರ್ಥನೆ ಇಲ್ಲದಿದ್ದರೆ ಅದನ್ನು ಮುಖ್ಯ ವಿಶ್ಲೇಷಣೆಯಾಗಿ ಬಳಸಬೇಡಿ ಎಂದು ಹೇಳಿದೆ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಡೊನಾಲ್ಡ್ ರೂಬಿನ್ ರೂಪಿಸಿದ, 1987ರ ತಮ್ಮ ಪುಸ್ತಕದಲ್ಲಿ ವಿಸ್ತರಿಸಿ ಬರೆದ ಮಲ್ಟಿಪಲ್ ಇಂಪ್ಯುಟೇಶನ್. ಒಂದು ಖಾಲಿ ಕೋಶಕ್ಕೆ ಒಂದೇ ಮೌಲ್ಯ ಹಾಕುವ ಬದಲು, ಆ ವ್ಯಕ್ತಿಯ ವಯಸ್ಸು, ಮೊದಲ ದಿನದ ಸಕ್ಕರೆ, ಮೂರನೆಯ ತಿಂಗಳ ಸಕ್ಕರೆ ಇತ್ಯಾದಿ ತಿಳಿದ ಸಂಗತಿಗಳಿಂದ ಸಂಭವನೀಯ ಮೌಲ್ಯಗಳನ್ನು ಮತ್ತೆ ಮತ್ತೆ ಆರಿಸಿ ಹಲವು ಪೂರ್ಣ ಹಾಳೆಗಳನ್ನು ಸಿದ್ಧಮಾಡುತ್ತಾರೆ. ಪ್ರತಿ ಹಾಳೆಯ ಮೇಲೂ ಅದೇ ವಿಶ್ಲೇಷಣೆ ಓಡಿಸಿ ಕೊನೆಗೆ ಫಲಿತಾಂಶಗಳನ್ನು ಕೂಡಿಸುತ್ತಾರೆ. ಹಾಳೆಯಿಂದ ಹಾಳೆಗೆ ಉತ್ತರ ಎಷ್ಟು ಬದಲಾಗುತ್ತದೆಯೋ ಅದೂ ಪ್ರಮಾಣಿತ ದೋಷಕ್ಕೆ ಸೇರುತ್ತದೆ. ನಮಗೆ ಗೊತ್ತಿಲ್ಲ ಎಂಬ ಸಂಗತಿ ಹೀಗೆ ಲೆಕ್ಕದೊಳಗೇ ಉಳಿಯುತ್ತದೆ. ಆದರೆ ಈ ಒಳ್ಳೆಯ ವಿಧಾನವೂ, ಹೇಗೆ ಮಾಡಿದಿರೆಂದು ಹೇಳದಿದ್ದರೆ, ಅಪಾಯವೇ. ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ.

2007ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಕ್ಯೂರಿಸ್ಕ್ ಎಂಬ ಹೃದಯ ಕಾಯಿಲೆಯ ಅಪಾಯ ಸೂಚಿ ಪ್ರಕಟವಾಯಿತು. ಸಾಮಾನ್ಯ ವೈದ್ಯರ ಕ್ಲಿನಿಕ್ಕುಗಳ ಗಣಕ ದಾಖಲೆಗಳಿಂದ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ತೆಗೆದು, ಯಾರಿಗೆ ಮುಂದೆ ಹೃದಯಾಘಾತ ಅಥವಾ ಪಾರ್ಶ್ವವಾಯು ಬರಬಹುದೆಂದು ಅಂದಾಜಿಸುವ ಮಾದರಿ ಅದು. ಮಾಮೂಲಿ ದಾಖಲೆಗಳಲ್ಲಿ ಎಲ್ಲರ ಕೊಲೆಸ್ಟರಾಲ್ ಇರುವುದಿಲ್ಲ, ವೈದ್ಯರಿಗೆ ಬೇಕೆನಿಸಿದವರಿಗಷ್ಟೇ ಪರೀಕ್ಷೆ ಮಾಡಿರುತ್ತಾರೆ. ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟರಾಲಿನ ಮೌಲ್ಯವಂತೂ ಹತ್ತರಲ್ಲಿ ಸುಮಾರು ಏಳು ಜನರದು ಇರಲಿಲ್ಲ. ಸಂಶೋಧಕರು ಮಲ್ಟಿಪಲ್ ಇಂಪ್ಯುಟೇಶನ್ನಿಂದ ಅದನ್ನು ತುಂಬಿದರು. ಫಲಿತಾಂಶ ನೋಡಿದವರಿಗೆ ಅಚ್ಚರಿ ಕಾದಿತ್ತು. ಒಟ್ಟು ಕೊಲೆಸ್ಟರಾಲಿಗೂ ಎಚ್‌ಡಿಎಲ್‌ಗೂ ಇರುವ ಅನುಪಾತಕ್ಕೂ ಹೃದಯ ಕಾಯಿಲೆಗೂ ಸಂಬಂಧವೇ ಇಲ್ಲ ಎಂದು ಮಾದರಿ ಹೇಳುತ್ತಿತ್ತು. ದಶಕಗಳ ವೈದ್ಯಕೀಯ ಅರಿವಿಗೆ ಇದು ವಿರುದ್ಧ. ಆಮೇಲೆ ಲೇಖಕರೇ ಸ್ಪಷ್ಟನೆ ಕೊಟ್ಟರು: ಪೂರ್ಣ ಮಾಹಿತಿ ಇದ್ದವರನ್ನಷ್ಟೇ ತೆಗೆದುಕೊಂಡು ನೋಡಿದರೆ ಸಂಬಂಧ ಸ್ಪಷ್ಟವಾಗಿ ಇದೆ, ತುಂಬುವ ಕ್ರಮವನ್ನು ಸುಧಾರಿಸಿ ಮತ್ತೆ ಮಾಡಿದಾಗಲೂ ಅದೇ ರೀತಿಯ ಸಂಬಂಧ ಕಾಣುತ್ತದೆ. ಜೊನಾಥನ್ ಸ್ಟರ್ನ್ ಮತ್ತು ಸಂಗಡಿಗರು 2009ರಲ್ಲಿ ಅದೇ ಬಿಎಂಜೆಯಲ್ಲಿ ಈ ಪ್ರಸಂಗವನ್ನು ಎತ್ತಿಕೊಂಡು, ಇಂಪ್ಯುಟೇಶನ್ನಿನಲ್ಲಿ ಎಡವುವುದು ಎಲ್ಲೆಲ್ಲಿ, ಪ್ರಬಂಧದಲ್ಲಿ ಏನೇನು ಬರೆಯಬೇಕು ಎಂದು ವಿವರಿಸಿದರು.

ಇರುವ ಸಂಬಂಧ ಹೀಗೆ ಸೊರಗಿಹೋಗಲು ಎಲ್ಲರೂ ತಿಳಿದಿರಬೇಕಾದ ಒಂದು ದಾರಿಯಿದೆ. ಕೊಲೆಸ್ಟರಾಲನ್ನು ತುಂಬುವ ಮಾದರಿಯೊಳಗೆ ಆ ವ್ಯಕ್ತಿಗೆ ಮುಂದೆ ಹೃದಯಾಘಾತ ಆಯಿತೋ ಇಲ್ಲವೋ ಎಂಬ ಮಾಹಿತಿಯನ್ನು ಸೇರಿಸದೆ ಬಿಡುವುದು. ಫಲಿತಾಂಶವನ್ನು ನೋಡಿ ಕಾರಣವನ್ನು ತುಂಬುವುದು ತಪ್ಪಲ್ಲವೇ ಎಂದು ಅಳುಕುವವರು ಬಹಳ ಜನ. ನಿಜದಲ್ಲಿ ತಪ್ಪಾಗುವುದು ಅದನ್ನು ಬಿಟ್ಟರೆ. ಬಿಟ್ಟಾಗ, ಹೃದಯಾಘಾತವಾದವರಿಗೂ ಆಗದವರಿಗೂ ಒಂದೇ ಬುಟ್ಟಿಯಿಂದ ಮೌಲ್ಯ ಬೀಳುತ್ತದೆ. ತುಂಬಿದ ಎಪ್ಪತ್ತು ಶೇಕಡಾ ಜನರಲ್ಲಿ ಕೊಲೆಸ್ಟರಾಲಿಗೂ ಕಾಯಿಲೆಗೂ ಇರಬೇಕಾದ ನಂಟು ಕಡಿದುಹೋಗುತ್ತದೆ. ನಿಜವಾಗಿ ಅಳೆದ ಮೂವತ್ತು ಶೇಕಡಾ ಜನರ ಸಾಕ್ಷ್ಯ ಅದರಲ್ಲಿ ಮುಳುಗುತ್ತದೆ. ಆದ್ದರಿಂದ ಇಂಪ್ಯುಟೇಶನ್ ಮಾದರಿಯಲ್ಲಿ ಯಾವ ಯಾವ ಚರಗಳಿದ್ದವು, ಫಲಿತಾಂಶದ ಚರ ಅದರಲ್ಲಿತ್ತೇ ಎಂದು ಹೆಸರು ಹೇಳಿ ಬರೆಯಬೇಕು. ಮಲ್ಟಿಪಲ್ ಇಂಪ್ಯುಟೇಶನ್ ಬಳಸಲಾಯಿತು ಎಂಬ ಒಂದೇ ವಾಕ್ಯದಿಂದ ಓದುಗನಿಗೆ ಈ ಗುಂಡಿ ಕಾಣುವುದಿಲ್ಲ. ಕ್ಯೂರಿಸ್ಕ್ ಪ್ರಸಂಗದಲ್ಲಿ ವಿಷಯ ಬೆಳಕಿಗೆ ಬಂದದ್ದು ಕೊಲೆಸ್ಟರಾಲಿನ ಬಗ್ಗೆ ಜಗತ್ತಿಗೆ ಮೊದಲೇ ಗೊತ್ತಿದ್ದುದರಿಂದ. ನಿಮ್ಮ ಅಧ್ಯಯನ ಯಾರಿಗೂ ಗೊತ್ತಿಲ್ಲದ ಹೊಸ ಅಪಾಯಕಾರಿ ಅಂಶವೊಂದರ ಬಗ್ಗೆ ಇದ್ದರೆ, ಸಂಬಂಧ ಇಲ್ಲ ಎಂಬ ತಪ್ಪು ತೀರ್ಮಾನವನ್ನು ಅನುಮಾನಿಸಲು ಯಾರಿಗೂ ಕಾರಣವೇ ಇರುವುದಿಲ್ಲ. ಅದು ಹಾಗೆಯೇ ನಿಂತುಬಿಡುತ್ತದೆ.

ಹಾಗಾದರೆ ವಿಧಾನ ವಿಭಾಗದಲ್ಲಿ ಏನು ಬರೆಯಬೇಕು? ಮೊದಲು ಎಣಿಸಬೇಕು. ಆರ್‌ನಲ್ಲಿ ಎರಡು ಸಾಲು ಸಾಕು. ಮೊದಲನೆಯದು ಪ್ರತಿ ಚರದಲ್ಲಿ ಎಷ್ಟು ಖಾಲಿ ಎನ್ನುತ್ತದೆ, ಎರಡನೆಯದು ಗುಂಪುವಾರು ಪ್ರಮಾಣ ಕೊಡುತ್ತದೆ:

```
colSums(is.na(d))
tapply(is.na(d$hba1c6), d$arm, mean)
```

ಆಮೇಲೆ ಬರೆಯಬೇಕು. ನಮ್ಮ ಕಲ್ಪಿತ ಅಧ್ಯಯನಕ್ಕೆ ಅಂಥ ಪ್ಯಾರಾ ಹೀಗಿರಬಹುದು:

“ಸೇರಿಸಿಕೊಂಡ 400 ಜನರಲ್ಲಿ 120 ಜನರ (30%) ಆರನೆಯ ತಿಂಗಳ ಎಚ್‌ಬಿಎ1ಸಿ ಲಭ್ಯವಿಲ್ಲ: ಫೋನ್ ಗುಂಪಿನಲ್ಲಿ 40 (20%), ಮಾಮೂಲಿ ಗುಂಪಿನಲ್ಲಿ 80 (40%). ಇವರಲ್ಲಿ 70 ಜನ ಸಂಪರ್ಕಕ್ಕೆ ಸಿಗಲಿಲ್ಲ, 38 ಜನ ಊರು ಬಿಟ್ಟಿದ್ದರು, 12 ಜನರ ರಕ್ತದ ಮಾದರಿ ಹಾಳಾಯಿತು. ಮೂರನೆಯ ತಿಂಗಳ ಎಚ್‌ಬಿಎ1ಸಿ 48 ಜನರದು (12%), ಮನೆಯ ಆದಾಯ 20 ಜನರದು (5%) ಇಲ್ಲ. ಎಲ್ಲ ಚರಗಳೂ ಪೂರ್ಣವಾಗಿರುವವರು 262. ಪೂರ್ಣ ಮಾಹಿತಿ ಇರುವವರ ಮತ್ತು ಇಲ್ಲದವರ ಮೊದಲ ದಿನದ ಲಕ್ಷಣಗಳನ್ನು ಕೋಷ್ಟಕದಲ್ಲಿ ಹೋಲಿಸಿದ್ದೇವೆ. ಕಾಣೆಯಾಗುವಿಕೆಯನ್ನು ದಾಖಲಾದ ಚರಗಳಿಂದ ವಿವರಿಸಬಹುದು ಎಂಬ ಊಹೆಯ ಮೇಲೆ ಚೈನ್ಡ್ ಈಕ್ವೇಶನ್ ಕ್ರಮದ ಮಲ್ಟಿಪಲ್ ಇಂಪ್ಯುಟೇಶನ್ ಮಾಡಿ, ಎರಡೂ ಗುಂಪುಗಳಿಗೆ ಬೇರೆ ಬೇರೆಯಾಗಿ 40 ಹಾಳೆಗಳನ್ನು ತಯಾರಿಸಿದೆವು. ಮಾದರಿಯಲ್ಲಿ ವಯಸ್ಸು, ಲಿಂಗ, ಆಸ್ಪತ್ರೆಗೆ ಇರುವ ದೂರ, ಮನೆಯ ಆದಾಯ, ಮೊದಲ ದಿನದ, ಮೂರನೆಯ ಹಾಗೂ ಆರನೆಯ ತಿಂಗಳ ಎಚ್‌ಬಿಎ1ಸಿ ಇದ್ದವು. ಓರೆಯಾಗಿ ಹರಡಿದ ಆದಾಯವನ್ನು ಪ್ರಿಡಿಕ್ಟಿವ್ ಮೀನ್ ಮ್ಯಾಚಿಂಗ್‌ನಿಂದ ತುಂಬಿದೆವು. ಪೂರ್ಣ ಮಾಹಿತಿ ಇದ್ದವರ ವಿಶ್ಲೇಷಣೆಯನ್ನೂ, ಬರದವರ ಮೌಲ್ಯ 0.5ರಿಂದ 2.0ರವರೆಗೆ ಹೆಚ್ಚಿದ್ದರೆ ಏನಾಗುತ್ತಿತ್ತು ಎಂಬ ವಿಶ್ಲೇಷಣೆಯನ್ನೂ ಪಕ್ಕದಲ್ಲೇ ಕೊಟ್ಟಿದ್ದೇವೆ.”

ಈ ಪ್ಯಾರಾದ ಒಂದೊಂದು ಮಾತಿಗೂ ಕೆಲಸವಿದೆ. ಶೇಕಡಾವಾರು ಓದುಗನ ಕೈಗೆ ಲೆಕ್ಕದ ಬೀಗದ ಕೈ ಕೊಡುತ್ತದೆ. ಕಾರಣಗಳು ಎಲ್ಲ ಖಾಲಿಯೂ ಒಂದೇ ಅಲ್ಲ ಎಂದು ತೋರಿಸುತ್ತವೆ. ಲ್ಯಾಬಿನಲ್ಲಿ ಟ್ಯೂಬು ಹಾಳಾದದ್ದಕ್ಕೂ ರೋಗಿಯ ಸಕ್ಕರೆಗೂ ನಂಟಿಲ್ಲದಿರಬಹುದು, ಊರು ಬಿಟ್ಟು ಹೋದದ್ದಕ್ಕೆ ನಂಟಿರಬಹುದು. ತೀರಿಕೊಂಡವರು ಇದ್ದರೆ ಅವರನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅವರ ಆರನೆಯ ತಿಂಗಳ ಸಕ್ಕರೆ ಎಂಬುದೇ ಇಲ್ಲ, ಇದ್ದಂತೆ ತುಂಬುವುದು ಸುಳ್ಳಾಗುತ್ತದೆ. ಆಸ್ಪತ್ರೆಗೆ ಇರುವ ದೂರ, ಮೂರನೆಯ ತಿಂಗಳ ಸಕ್ಕರೆ ಮಾದರಿಯಲ್ಲಿರುವುದು ಅಲಂಕಾರಕ್ಕಲ್ಲ. ನಮ್ಮ ಅಧ್ಯಯನದಂತೆ ಮುಖ್ಯವಾಗಿ ಫಲಿತಾಂಶದ ಚರವೇ ಖಾಲಿಯಿರುವಾಗ, ಮುಖ್ಯ ವಿಶ್ಲೇಷಣೆಯಲ್ಲಿರುವ ಚರಗಳಿಂದಲೇ ಮತ್ತೆ ತುಂಬಿದರೆ ಹೊಸ ಮಾಹಿತಿ ಏನೂ ಸೇರುವುದಿಲ್ಲ. ಯಾರು ಬರಲಿಲ್ಲ, ಬಂದಿದ್ದರೆ ಅವರ ಮೌಲ್ಯ ಎಷ್ಟಿರುತ್ತಿತ್ತು ಎಂದು ಸುಳಿವು ಕೊಡುವ ಇಂಥ ಸಹಾಯಕ ಚರಗಳಿಂದಲೇ ತುಂಬಿಕೆಗೆ ಬೆಲೆ ಬರುವುದು. ಹಾಳೆಗಳ ಸಂಖ್ಯೆಗೂ ಒಂದು ಒರಟು ನಿಯಮವಿದೆ: ಅಪೂರ್ಣ ಸಾಲುಗಳು ನೂರಕ್ಕೆ ಎಷ್ಟಿವೆಯೋ ಕನಿಷ್ಠ ಅಷ್ಟು ಹಾಳೆಗಳು. ಇಲ್ಲಿ 138 ಸಾಲು ಅಪೂರ್ಣ, ಅಂದರೆ ಸುಮಾರು 35 ಶೇಕಡಾ, ಹಾಗಾಗಿ 40. ಆರ್‌ನ ಮೈಸ್ ಪ್ಯಾಕೇಜು ನಾವು ಹೇಳದಿದ್ದರೆ ಐದನ್ನೇ ಮಾಡುತ್ತದೆ. ಬಹುತೇಕರು ಆ ಐದನ್ನು ಯೋಚಿಸದೆ ಒಪ್ಪಿಕೊಂಡಿರುತ್ತಾರೆ. ಎಷ್ಟು ಮಾಡಿದಿರೆಂದು ಬರೆಯಬೇಕಾದಾಗಲಾದರೂ ಯೋಚನೆ ಬರುತ್ತದೆ.

ಇದರ ಮಿತಿಯನ್ನೂ ಮುಚ್ಚಿಡಬಾರದು. ಕಾಣೆಯಾಗುವಿಕೆಯನ್ನು ದಾಖಲಾದ ಚರಗಳಿಂದ ವಿವರಿಸಬಹುದು ಎಂಬುದು ಊಹೆ, ದತ್ತಾಂಶದಿಂದ ಅದನ್ನು ಸಾಬೀತು ಮಾಡಲು ಆಗುವುದಿಲ್ಲ. ಸಕ್ಕರೆ ಏರಿದ್ದರಿಂದಲೇ ಒಬ್ಬರು ಬರಲಿಲ್ಲ ಎಂದಾದರೆ, ಏರಿದ ಆ ಸಕ್ಕರೆ ನಮ್ಮ ಹಾಳೆಯಲ್ಲಿಲ್ಲ. ಯಾವ ಪರೀಕ್ಷೆಯೂ ಅದನ್ನು ಹೊರಗೆಳೆಯಲಾರದು. ಹಾಗಾಗಿಯೇ ಮೇಲಿನ 1.0, 2.0ರಂಥ ಊಹೆಯ ಲೆಕ್ಕಗಳು ಬೇಕು. ಮತ್ತು ಯಾವ ಇಂಪ್ಯುಟೇಶನ್ನೂ ಒಬ್ಬ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ತಂದ ಒಂದು ನಿಜವಾದ ಮೌಲ್ಯಕ್ಕೆ ಸಮವಲ್ಲ. ಅಧ್ಯಯನದ ಬಜೆಟ್ಟಿನಲ್ಲಿ ಬಸ್ ಚಾರ್ಜಿಗೆ, ಎರಡನೆಯ ಫೋನ್ ನಂಬರ್ ಬರೆದುಕೊಳ್ಳುವುದಕ್ಕೆ, ಮನೆ ಭೇಟಿಗೆ ಮೊದಲೇ ಜಾಗವಿಡಿ. ಬರಲಾಗದವರ ಹತ್ತಿರ ಹೋಗಿ ಕನಿಷ್ಠ ಕಾರಣವನ್ನಾದರೂ ಕೇಳಿ ಬರೆದುಕೊಳ್ಳಿ.

ಬರೆಯದಿರುವುದಕ್ಕೆ ಜನ ಹೇಳುವ ಸಬೂಬುಗಳು ನನಗೆ ಗೊತ್ತು. ಪದಮಿತಿ ಇದೆ ಎನ್ನುತ್ತಾರೆ. ಪ್ರಯೋಗಾಲಯದ ಯಂತ್ರದ ಹೆಸರು, ತಯಾರಕರ ಊರು ಬರೆಯಲು ಜಾಗ ಸಿಗುತ್ತದೆ, 120 ಮನುಷ್ಯರ ಬಗ್ಗೆ ನಾಲ್ಕು ವಾಕ್ಯಕ್ಕೆ ಸಿಗುವುದಿಲ್ಲವೇ? 30 ಶೇಕಡಾ ಖಾಲಿ ಎಂದು ಬರೆದರೆ ವೈವಾದಲ್ಲಿ ಹಿಡಿಯುತ್ತಾರೆ, ಪತ್ರಿಕೆ ತಿರಸ್ಕರಿಸುತ್ತದೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ, ಮತ್ತು ಅದರ ಹೊಣೆ ಪ್ರಾಮಾಣಿಕವಾಗಿ ಬರೆದ ವಿದ್ಯಾರ್ಥಿಯನ್ನು ಗದರಿಸಿ, ಏನೂ ಹೇಳದವನನ್ನು ಪಾಸು ಮಾಡುವ ಪರೀಕ್ಷಕರ ಮೇಲಿದೆ. ಹಾಗೆ ಮಾಡಿದಾಗ ನಾವು ಕಲಿಸುವುದು ಮುಚ್ಚಿಡುವುದನ್ನು. ಸಂಖ್ಯಾಶಾಸ್ತ್ರ ನಮಗೆ ಬರುವುದಿಲ್ಲ ಎನ್ನುವವರೂ ಇದ್ದಾರೆ. ಮಲ್ಟಿಪಲ್ ಇಂಪ್ಯುಟೇಶನ್ ಬಾರದಿದ್ದರೆ ಪರವಾಗಿಲ್ಲ. ಪೂರ್ಣ ಮಾಹಿತಿ ಇದ್ದ 262 ಜನರನ್ನಷ್ಟೇ ತೆಗೆದುಕೊಂಡೆವು, ಉಳಿದ 138 ಜನರನ್ನು ಬಿಟ್ಟೆವು, ಬಿಟ್ಟವರು ಹೀಗಿದ್ದರು ಎಂದು ಬರೆಯಲು ಎಣಿಸಲು ಬಂದರೆ ಸಾಕು. ಅದೂ ಗೌರವದ ವಿಧಾನವೇ, ಹೇಳಿ ಮಾಡಿದರೆ.

ನಿಯಮ ಇಲ್ಲವೆಂದೂ ಅಲ್ಲ. ವೀಕ್ಷಣಾ ಅಧ್ಯಯನಗಳಿಗಾಗಿ 2007ರಲ್ಲಿ ಬಂದ ಸ್ಟ್ರೋಬ್ ಪಟ್ಟಿಯ 12ನೆಯ ಅಂಶದಲ್ಲಿ ಕಾಣೆಯಾದ ಮಾಹಿತಿಯನ್ನು ಹೇಗೆ ನಿಭಾಯಿಸಿದಿರೆಂದು ವಿವರಿಸಿ ಎಂದಿದೆ. 14ನೆಯ ಅಂಶದಲ್ಲಿ ಪ್ರತಿ ಮುಖ್ಯ ಚರದಲ್ಲೂ ಎಷ್ಟು ಜನರ ಮಾಹಿತಿ ಇಲ್ಲ ಎಂದು ಕೊಡಿ ಎಂದಿದೆ. ಲೇಖನದ ಜೊತೆ ಆ ಪಟ್ಟಿಯನ್ನು ಟಿಕ್ ಹಾಕಿ ಕಳಿಸುವವರು, ಟಿಕ್ ಹಾಕಿದ ಪುಟದಲ್ಲಿ ಆ ಮಾತು ನಿಜವಾಗಿ ಇದೆಯೇ ಎಂದು ಒಮ್ಮೆ ತಿರುಗಿಸಿ ನೋಡಲಿ.

ಆದ್ದರಿಂದ ಕೇಳುತ್ತೇನೆ. ಪಿಜಿ ವಿದ್ಯಾರ್ಥಿಗಳೇ, ಮುಖ್ಯ ವಿಶ್ಲೇಷಣೆ ಓಡಿಸುವ ಮೊದಲು ಖಾಲಿಗಳನ್ನು ಚರವಾರು, ಗುಂಪುವಾರು ಎಣಿಸಿ, ಆ ಕೋಷ್ಟಕವನ್ನು ಥೀಸಿಸ್ಸಿನೊಳಗೇ ಇಡಿ. ಖಾಲಿಗಳನ್ನು ಏನು ಮಾಡುತ್ತೀರಿ ಎಂಬುದನ್ನು ಫಲಿತಾಂಶ ನೋಡಿದ ಮೇಲೆ ತೀರ್ಮಾನಿಸಬೇಡಿ, ಸಿನಾಪ್ಸಿಸ್ ಬರೆಯುವಾಗಲೇ ಬರೆದಿಡಿ. ಗೈಡ್‌ಗಳೇ, ಕರಡು ನಿಮ್ಮ ಮೇಜಿಗೆ ಬಂದಾಗ ಮೊದಲ ಕೋಷ್ಟಕದ ಸಂಖ್ಯೆಯನ್ನೂ ಕೊನೆಯ ಕೋಷ್ಟಕದ ಸಂಖ್ಯೆಯನ್ನೂ ಹೋಲಿಸಿ, ವ್ಯತ್ಯಾಸಕ್ಕೆ ವಿವರಣೆ ಇಲ್ಲದಿದ್ದರೆ ಸಹಿ ಹಾಕಬೇಡಿ. ಪರೀಕ್ಷಕರೇ, ಲೆಕ್ಕ ಕೊಟ್ಟವನಿಗೆ ಅಂಕ ಕೊಡಿ, ಕೊಡದವನನ್ನು ಕೇಳಿ. ಸಂಪಾದಕರೇ, ಕಾಣೆಯಾದ ಮಾಹಿತಿಯ ಪ್ರಮಾಣ ಮತ್ತು ವಿಧಾನ ಇಲ್ಲದ ಲೇಖನವನ್ನು ವಿಮರ್ಶೆಗೆ ಕಳಿಸುವ ಮೊದಲೇ ಲೇಖಕರಿಗೆ ಹಿಂದಿರುಗಿಸಿ, ಆ ವಾಕ್ಯಗಳನ್ನು ಪದಮಿತಿಯಿಂದ ಹೊರಗಿಡಿ. ಈಗಾಗಲೇ ಪ್ರಕಟಿಸಿದವರೂ ತಮ್ಮ ಹಳೆಯ ಕಡತ ತೆರೆದು, ಬಿಟ್ಟ ಸಂಖ್ಯೆಯನ್ನು ಪತ್ರಿಕೆಗೆ ತಿದ್ದುಪಡಿಯಾಗಿ ಕಳಿಸಬಹುದು. ಸಹಿ ಹಾಕಿ ರಕ್ತ ಕೊಟ್ಟವರಿಗೆ ನಾವು ಕೊಟ್ಟ ಮಾತು, ನಿಮ್ಮ ಮಾಹಿತಿಯನ್ನು ಸರಿಯಾಗಿ ಬಳಸುತ್ತೇವೆ ಎಂದು. ಬಳಸಲಾಗದೇ ಹೋದಾಗ ಅದನ್ನು ಬರೆದು ತಿಳಿಸುವುದು ಆ ಮಾತಿನದೇ ಭಾಗ. ಈ ವಾರ ನೀವು ಬರೆಯುತ್ತಿರುವ, ತಿದ್ದುತ್ತಿರುವ ಅಥವಾ ವಿಮರ್ಶಿಸುತ್ತಿರುವ ಪ್ರಬಂಧದಿಂದಲೇ ಅದನ್ನು ಶುರುಮಾಡಿ.